ಪರದೆಯಾಚೆಗೆ ಸುರಿಯುವುದು ಹೇಗೆ

ಅಕ್ಟೋಬರ್ ೧೨, ಭಾನುವಾರ

ಸಕಾಕಿ ಕಿಯೊಹಿಕೊ ಎಂಬ ನಾನು, ವಯಸ್ಸು ಐವತ್ತನಾಲ್ಕು, ಕುಶಿರೊ ಬಂದರಿನ ಶೀತಲ ಉಗ್ರಾಣದ ಉಪವ್ಯವಸ್ಥಾಪಕ, ಯಾರ ಬಲವಂತವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿ, ಸೀಮೆಎಣ್ಣೆ ಒಲೆಯನ್ನು ಸಾಕ್ಷಿಯಾಗಿಟ್ಟುಕೊಂಡು ಒಪ್ಪಿಕೊಳ್ಳುವುದೇನೆಂದರೆ: ನಿನ್ನೆ ಸಂಜೆ ನನ್ನ ಹೆಂಡತಿಯ ಕಣ್ಣೆದುರೇ ನಾನು ಹೆಪ್ಪುಗಟ್ಟಿದೆ.

ಉಗ್ರಾಣದ ತಣ್ಣನೆ ಕೋಣೆಯಲ್ಲಲ್ಲ, ವಿಡಿಯೋ ಕರೆಯಲ್ಲಿ. ಫುಮಿಯೆ "ಊಟ ಆಯ್ತಾ?" ಅಂದಳು, ಆಯ್ತು ಅಂದೆ. "ಅಲ್ಲಿ ಚಳೀನಾ?" ಅಂದಳು, ಚಳಿ ಅಂದೆ. "ಕೆಲಸ?" ಅಂದಳು; ಅದೇ ಅಂದೆ. ಅಲ್ಲಿಗೆ ಇಬ್ಬರ ಸರಕೂ ಖಾಲಿ. ಅವಳು ತನ್ನ ಉಗುರು ನೋಡಿಕೊಂಡಳು. ನಾನು ಪರದೆಯ ಮೂಲೆಯಲ್ಲಿದ್ದ ನನ್ನದೇ ಮುಖ ನೋಡಿಕೊಂಡೆ. ಅದೂ ಮಾತಾಡುವ ಲಕ್ಷಣ ತೋರಲಿಲ್ಲ. ಆಗ ಹೊಳೆಯಿತು. ಬಾಯಿ ಅರ್ಧ ತೆರೆದು, ಒಂದು ಕಣ್ಣು ಅರ್ಧ ಮುಚ್ಚಿ, ಉಸಿರು ಬಿಗಿಹಿಡಿದು ಕೂತುಬಿಟ್ಟೆ. ನೆಟ್‌ವರ್ಕ್ ಕೈಕೊಟ್ಟಾಗ ಮನುಷ್ಯರು ಕಾಣಿಸುವುದು ಹಾಗೆಯೇ.

"ಅಪ್ಪ? ನಿಂತೋಯ್ತಾ? ಕೇಳಿಸ್ತಿದ್ಯಾ?" ಎಂದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕರೆ ಮುಗಿಸಿದಳು.

ನಾನು ಅವಳಿಗೆ ಅಪ್ಪನಲ್ಲ, ಗಂಡ. ಮಗಳು ಚಿನಾತ್ಸು ಹುಟ್ಟಿದಂದಿನಿಂದ ನಾನು 'ಅಪ್ಪ', ಅವಳು 'ಅಮ್ಮ'. ಎಲ್ಲರ ಮನೆಯಲ್ಲೂ ಹಾಗೆಯೇ. ಮಗಳು ಒಸಾಕಾಗೆ ಕೆಲಸಕ್ಕೆ ಹೋದಳು. ಮೂರು ವರ್ಷದ ಹಿಂದೆ ಕಂಪನಿ ನನ್ನೊಬ್ಬನನ್ನು ತೆಂಕಣ ತುದಿಯ ಕುಮಾಮೊತೊದಿಂದ ಕಿತ್ತು ಬಡಗಣ ತುದಿಯ ಈ ಊರಿಗೆ ನೆಟ್ಟಿತು. ಆ ಎರಡು ಹೆಸರು ಮಾತ್ರ ಹಾಗೇ ಉಳಿದವು.

ಒಂಟಿತನದಿಂದ ಹೀಗೆಲ್ಲ ಮಾಡಿದೆ ಎಂದು ಈ ಪುಟಗಳು ತಪ್ಪು ತಿಳಿಯಬಾರದು. ಒಂಟಿತನ ನನಗೆ ತಗುಲದ ಕಾಯಿಲೆ. ಇವತ್ತು ರಜೆ, ಇಡೀ ದಿನದಲ್ಲಿ ನನ್ನೊಡನೆ ಮಾತಾಡಿದ್ದು ಅಂಗಡಿಯ ಹುಡುಗಿ ಒಬ್ಬಳೇ. ಊಟದ ಡಬ್ಬಿ ಎತ್ತಿಕೊಂಡು "ಬಿಸಿ ಮಾಡ್ಲಾ?" ಎಂದಳು. "ಮಾಡಿ" ಎಂದೆ. ಗಂಡಸಿಗೆ ಇನ್ನೆಷ್ಟು ಮಾತು ಬೇಕು.

ಅಕ್ಟೋಬರ್ ೧೫, ಬುಧವಾರ

ಮಗಳ ಫೋನು.

"ಅಪ್ಪ, ಶನಿವಾರ ನೀನು ಹೆಪ್ಪುಗಟ್ಟಿದಾಗ ನಿನ್ನ ಹಿಂದೆ ಕೆಟಲಿಂದ ಆವಿ ಮೇಲೆ ಹೋಗ್ತಾನೇ ಇತ್ತಂತೆ."

ಕೆಟಲಿನ ಕಡೆ ತಿರುಗಿ ನೋಡಿದೆ.

"ಈಗಲೂ ಹೆಪ್ಪುಗಟ್ಟಿದ್ಯಾ? ಇದು ಬರೀ ಫೋನು, ಮುಖ ಕಾಣಲ್ಲ. ಉಸಿರಾಡು."

ಚಿನಾತ್ಸು ಗುಣದಲ್ಲಿ ನನ್ನನ್ನೇ ಹೋಲುತ್ತಾಳೆ, ಅದೇ ಅವಳ ದೋಷ. ಅವಳ ಹುಡುಗ ಎರಡು ವರ್ಷ ಹೊರದೇಶದಲ್ಲಿದ್ದ. ದೂರದ ಪ್ರೀತಿಯಲ್ಲಿ ಅವಳದು ಪಕ್ಕಾ ಅನುಭವ. ತೀರ್ಪು ಕೊಟ್ಟಳು. ಶನಿವಾರ ಸಂಜೆ ಏಳಕ್ಕೆ ನಾನು, ಅವಳಮ್ಮ ಪರದೆಯಲ್ಲೇ 'ಭೇಟಿ' ಆಗಬೇಕು. ಬರೇ ಮಾತಾಡುವಂತಿಲ್ಲ, ಒಟ್ಟಿಗೆ ಏನಾದರೂ ಮಾಡಬೇಕು, ಪ್ರತಿ ವಾರ ಬೇರೆಯದು. ಊಟ, ಹವೆ, ಕೆಲಸ, ಈ ಮೂರರ ವಿಚಾರಣೆ ನಿಷಿದ್ಧ. ಅಪ್ಪ ಅಮ್ಮ ಎನ್ನುವಂತಿಲ್ಲ, ಹೆಸರು ಹಿಡಿದು ಕರೆಯಬೇಕು.

"ಹೆಸರಾ? ಅವಳಿಗೆ ನೆನಪಿರುತ್ತಾ?"

"ಅಮ್ಮನೂ ಇದನ್ನೇ ಕೇಳಿದ್ಲು, ನಿನ್ನ ಬಗ್ಗೆ."

ಅಕ್ಟೋಬರ್ ೧೮, ಶನಿವಾರ

ಮೊದಲ ಭೇಟಿ: ಸಿನಿಮಾ. ಅಂಗಿ ಬದಲಿಸಿಕೊಂಡು ಕೂತೆ. ಪ್ಯಾಂಟು ಬದಲಿಸಲಿಲ್ಲ, ಪರದೆ ಹೊಟ್ಟೆಯಿಂದ ಮೇಲಕ್ಕೆ ಮಾತ್ರ ಸಭ್ಯ.

ನನ್ನ ಲ್ಯಾಪ್‌ಟಾಪಿನಲ್ಲಿ ಸಿನಿಮಾ ಹಾಕಿ ಪರದೆಯನ್ನು ಅವಳಿಗೆ ಹಂಚಿದೆ. ಅವಳಿಗೆ ಕಂಡದ್ದು ಬರೀ ಕಪ್ಪು. ಹಕ್ಕುಕಾಯುವ ಬೀಗವಿರುವುದರಿಂದ ಸಿನಿಮಾ ಹಾಗೆ ಹಂಚಿಕೆಯಾಗುವುದಿಲ್ಲವಂತೆ. ಮಗಳು ಸಂದೇಶದಲ್ಲಿ ತಿಳಿಸಿದಳು. ಅಲ್ಲಿಯವರೆಗೆ ಫುಮಿಯೆ ಆ ಕತ್ತಲೆಯನ್ನು ಭಕ್ತಿಯಿಂದ ನೋಡುತ್ತ, "ಶುರುವಿನಲ್ಲಿ ರಾತ್ರಿ ದೃಶ್ಯಾನಾ?" ಎಂದು ಕೇಳುತ್ತಿದ್ದಳು.

ಸರಿ, ಅವಳು ಅವಳ ಟೀವಿಯಲ್ಲಿ, ನಾನು ನನ್ನದರಲ್ಲಿ. ನಡುವೆ ಕರೆ, ಒಂದೇ ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನು. "ಒಂದು, ಎರಡು, ಮೂರು" ಎಂದು ಗುಂಡಿ ಒತ್ತಿದೆವು. ನನ್ನದು ನಡುವೆ ಒಮ್ಮೆ ಸುತ್ತುತ್ತ ನಿಂತಿತು, ಅಷ್ಟರಿಂದ ನಾನು ಹಿಂದೆ ಬಿದ್ದೆ. ಮುಂದೆ ಇಡೀ ಸಿನಿಮಾದಲ್ಲಿ ತಮಾಷೆಗಿಂತ ಮುಂಚೆ ಅವಳ ನಗು ಬರುತ್ತಿತ್ತು. ಯಾರಾದರೂ ಸಾಯುವ ಮೊದಲೇ ಅವಳು "ಅಯ್ಯೋ ಪಾಪ" ಎನ್ನುತ್ತಿದ್ದಳು. ವಿಧಿಯೊಂದಿಗೆ ಕೂತು ಸಿನಿಮಾ ನೋಡಿದ ಹಾಗೆ.

ನಿಲ್ಲಿಸಿ, ಇಬ್ಬರೂ ಒಂದೇ ನಿಮಿಷ, ಒಂದೇ ಸೆಕೆಂಡಿಗೆ ತಂದುಕೊಂಡು, ಮತ್ತೆ ಎಣಿಸಿದೆವು. ಆಮೇಲೆ ಸರಿಹೋಯಿತು. ಪೂರ್ತಿ ಅಲ್ಲ. ದನಿ ಊರು ದಾಟಿ ಬರಲು ಒಂದಿಷ್ಟು ಹೊತ್ತು ಹಿಡಿಯುತ್ತದಲ್ಲ. ಅವಳು ಎಣಿಸಿ ನಾನು ಕೇಳಿ ಒತ್ತಿದರೆ, ಅವಳ ನಗು ನನಗೆ ಸರಿಯಾದ ಸಮಯಕ್ಕೆ ತಲಪುತ್ತದೆ. ನನ್ನ ನಗು ಮಾತ್ರ ಅವಳಿಗೆ ತಡ. ನಾನು ಎಣಿಸಿದರೆ ಅದರ ತಿರುಗುಮುರುಗು. ಎಣಿಸುವವರಿಗೆ ಇನ್ನೊಬ್ಬರ ನಗು ಯಾವಾಗಲೂ ತಡವೇ.

"ಹಾಗಾದ್ರೆ ಒಂದು ವಾರ ನಾನು ಎಣಿಸ್ತೀನಿ, ಒಂದು ವಾರ ನೀವು," ಎಂದಳು. ಕೊನೆಗೆ, ಕರೆ ಮುಗಿಸುವಾಗ, ಯಾವುದೋ ಕಚೇರಿಯ ಸರತಿಯಲ್ಲಿ ಕೂಗುವ ದನಿಯಲ್ಲಿ, ಗೌರವದ 'ಸಾನ್' ಸೇರಿಸಿ, "ಕಿಯೊಹಿಕೊ ಸಾನ್," ಎಂದಳು. ನಾನೂ "ಫುಮಿಯೆ ಸಾನ್" ಎಂದೆ. ಇಬ್ಬರಿಗೂ ನಾಚಿಕೆಯಾಯಿತು. ಯಾರದೋ ಮನೆಗೆ ತಪ್ಪಿ ಫೋನು ಮಾಡಿದ ಹಾಗಿತ್ತು.

ನವೆಂಬರ್ ೪, ಮಂಗಳವಾರ

ಶಾಖೆಯ ಮುಖ್ಯಸ್ಥ ಒನೊದೆರಾ ಕರೆದರು. "ಸಕಾಕಿ, ಏಪ್ರಿಲ್ ವರ್ಗಾವಣೆ ಬರ್ತಿದೆ. ಕುಮಾಮೊತೊದಲ್ಲಿ ಜಾಗ ಖಾಲಿ ಆಗತ್ತೆ. ಹೋಗ್ತೀಯೋ, ಇಲ್ಲೇ ಇನ್ನೂ ಎರಡು ವರ್ಷ ಇರ್ತೀಯೋ? ಜನವರಿ ಮುಗಿಯೋದ್ರೊಳಗೆ ಹೇಳು. ಹೆಂಡ್ತೀನ ಕೇಳು."

"ಕೇಳೋದೇನಿದೆ ಸರ್, ಬಾ ಅಂತಾಳೆ."

"ಎಲ್ಲ ಹೆಂಡ್ತೀರೂ ಹಾಗನ್ನಲ್ಲಪ್ಪ. ನನ್ನವ್ಳು 'ಪರವಾಗಿಲ್ಲ, ಅಲ್ಲೇ ಆರಾಮಾಗಿರಿ' ಅಂದ್ಲು. ಆಮೇಲಿಂದ ನಾನು ಇಲ್ಲೇ ಆರಾಮಾಗಿದ್ದೀನಿ."

ಅವರು ನಗಲಿಲ್ಲ. ಹೊರಗೆ ನಾಲ್ಕು ಗಂಟೆ ದಾಟಿತ್ತಷ್ಟೆ, ದೀಪ ಹಾಕಿದ್ದರು.

ನವೆಂಬರ್ ೮, ಶನಿವಾರ

ಭೇಟಿ: ಇಬ್ಬರೂ ಒಂದೇ ಅಡುಗೆ. ಹಿಟ್ಟಿನ ಉಂಡೆ ಹಾಕಿದ ತರಕಾರಿ ಸಾರು; ನಮ್ಮೂರಿನದು. ಬಾರ್ಲಿ ಹುದುಗಿಸಿದ ಮಿಸೊ ಗೊಜ್ಜೇ ಬೇಕೆಂದು ಫುಮಿಯೆ ಬುಧವಾರವೇ ಪಾರ್ಸೆಲ್ ಮಾಡಿದ್ದಳು.

ಫೋನು ಎಲ್ಲಿಡುವುದೆಂಬುದೇ ಅರ್ಧ ಅಡುಗೆ. ಒಲೆಯ ಹತ್ತಿರ ಇಟ್ಟರೆ ಕ್ಯಾಮೆರಾಕ್ಕೆ ಆವಿ ಹಿಡಿದು ನಾನು ದೇವಲೋಕದವನಂತೆ ಕಾಣುತ್ತೇನೆ. ಎದುರಿಗೆ ನಿಲ್ಲಿಸಿದರೆ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ. ಅಡುಗೆ ಕಲಿಯುವಾಗ ನನ್ನ ಮುಖದಿಂದ ಯಾರಿಗೇನು ಲಾಭ. ಕೊನೆಗೆ ಮೇಲಿನ ಕಪಾಟಿನ ಬಾಗಿಲಿಗೆ ಟೇಪಿನಲ್ಲಿ ಅಂಟಿಸಿ, ಹಲಗೆಯನ್ನು ನೇರ ಮೇಲಿನಿಂದ ನೋಡುವಂತೆ ಮಾಡಿದೆ.

"ಮೂಲಂಗೀನ ಹೆಚ್ತಿದ್ದೀರೋ, ಲಾರಿಯಿಂದ ಇಳಿಸ್ತಿದ್ದೀರೋ?"

"ಉಗ್ರಾಣದವನ ಕೈ."

"ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಗ್ಬೇಕು. ಮುಟ್ಟಿ ನೋಡ್ಕೊಳ್ಳಿ."

ಹಿಟ್ಟಿನ ಕೈಯಲ್ಲೇ ನನ್ನ ಕಿವಿ ಹಿಡಿದುಕೊಂಡೆ. ಅವಳು ಅಲ್ಲಿ ತನ್ನ ಕಿವಿ ಹಿಡಿದುಕೊಂಡಳು. ಯಾವ ಮೇಷ್ಟರೂ ಶಿಕ್ಷೆ ಕೊಡದೆ ಇಬ್ಬರು ಐವತ್ತು ದಾಟಿದವರು ದೇಶದ ಎರಡು ತುದಿಯಲ್ಲಿ ಕಿವಿ ಹಿಡಿದು ನಿಂತೆವು.

"ಕುದೀತಾ ಇದ್ಯಾ? ಸದ್ದು ಕೇಳಿಸ್ತಿಲ್ಲ," ಎಂದಳು. ಗದ್ದಲ ಎಂದು ತಿಳಿದ ಸದ್ದನ್ನೆಲ್ಲ ಈ ಕರೆಯ ಯಂತ್ರವೇ ಅಳಿಸಿಬಿಡುತ್ತದೆ, ಮಾತನ್ನು ಮಾತ್ರ ದಾಟಿಸುತ್ತದೆ. ಸಾರು ಕುದಿಯುವುದು ಅದರ ಲೆಕ್ಕದಲ್ಲಿ ಗದ್ದಲ. ಅದನ್ನು ನಿಲ್ಲಿಸುವ ಗುಂಡಿ ಹುಡುಕಿ ಒತ್ತಿದೆ. ಅವಳ ಅಡುಗೆಮನೆ ಒಮ್ಮೆಗೇ ಈ ಕೋಣೆಯೊಳಗೆ ನುಗ್ಗಿತು: ಅವಳ ಪಾತ್ರೆಯ ಕುದಿ, ಫ್ರಿಜ್ಜಿನ ಗುಂಯ್, ಆಚೆ ಬೀದಿಯಲ್ಲಿ ಒಂದು ಸ್ಕೂಟರು. ಇಬ್ಬರೂ ಮಾತಾಡದೆ ತಿಂದೆವು. ಎರಡು ಬಟ್ಟಲು ತಿಂದೆ.

ಅಂಗಿಯ ಮೇಲೆ ಮಿಸೊ ಬಿದ್ದಿದೆ. ಕರೆ ಮುಗಿದರೂ ಕರೆ ಹೋಗಿಲ್ಲ.

ನವೆಂಬರ್ ೧೩, ಗುರುವಾರ

ಮಂಜು. ಬಂದರಿನ ಕಹಳೆ. ಸಾರು ಮಿಕ್ಕಿಲ್ಲ.

ನವೆಂಬರ್ ೨೨, ಶನಿವಾರ

ಭೇಟಿ: ಒಟ್ಟಿಗೆ ಕುಡಿಯುವುದು. ನನಗೆ ಸುಲಭದ ವಿಷಯವೆಂದು ಧೈರ್ಯವಾಗಿದ್ದೆ.

ತೊಡಕು ಏನೆಂದರೆ, ನಮ್ಮಲ್ಲಿ ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವಂತಿಲ್ಲ. ಎದುರಿನವರು ಸುರಿಯಬೇಕು, ನಾವು ಅವರಿಗೆ ಸುರಿಯಬೇಕು. ಪರದೆಯಾಚೆಗೆ ಸುರಿಯುವುದು ಹೇಗೆ? ಚಿನಾತ್ಸು ಅದಕ್ಕೂ ಉಪಾಯ ಹೇಳಿದ್ದಳು. ನಾನು ನನ್ನ ಶೀಶೆಯನ್ನು ಕ್ಯಾಮೆರಾ ಕಡೆ ಬಾಗಿಸಬೇಕು. ಅದೇ ಗಳಿಗೆಗೆ ಅವಳು ಅಲ್ಲಿ ತನ್ನ ಲೋಟವನ್ನು ಕ್ಯಾಮೆರಾದ ಕೆಳಗೆ ಹಿಡಿದು, ಕಣ್ಣಿಗೆ ಕಾಣದಂತೆ ಬದಿಯಿಂದ ಸುರಿದುಕೊಳ್ಳಬೇಕು. ಶೀಶೆಗೆ ಬಿರಡೆ ಹಾಕಿರಬೇಕು ಎನ್ನುವುದನ್ನು ಮಗಳು ಹೇಳಿರಲಿಲ್ಲ. ಪ್ರಯೋಗಕ್ಕೆಂದು ಬಾಗಿಸಿದಾಗ ನನ್ನ ಕೀಲಿಮಣೆಯೇ ಎಲ್ಲರಿಗಿಂತ ಮೊದಲು ಕುಡಿಯಿತು.

ಮೊದಲು ಅವಳು ನನಗೆ ಸುರಿದಳು. ಮೂವತ್ತು ವರ್ಷದ ಅಭ್ಯಾಸ. ಪರದೆಯಲ್ಲಿಯೂ ಎಡಗೈಯನ್ನು ಶೀಶೆಯ ಕೆಳಗೆ ಆನಿಸಿ ಬಾಗಿಸಿದಳು. "ಸಾಕು" ಎಂದೆ. ಆ "ಸಾಕು" ಅಲ್ಲಿಗೆ ತಲಪುವಷ್ಟರಲ್ಲಿ ನನ್ನ ಲೋಟ ತುಂಬಿ ಹರಿದಿತ್ತು. ಸುರಿಯುತ್ತಿದ್ದುದು ನನ್ನದೇ ಕೈ ಎಂಬುದು ನೆನಪಾಗಲಿಲ್ಲ.

"ಈಗ ನನಗೆ," ಎಂದಳು.

"ನಿನಗೇನು, ಚಹಾನಾ?"

ಅವಳು ಒಂದು ಲೋಟ ಎತ್ತಿ ತೋರಿಸಿದಳು. ಅಕ್ಕಿಯ ಶೋಚು, ಬಿಸಿನೀರು ಬೆರೆಸಿದ್ದು. ನಮ್ಮೂರ ಕಡೆಯ ಗಟ್ಟಿ ಮದ್ಯ.

"ನೀನು ಕುಡಿಯಲ್ವಲ್ಲ."

"ಯಾರು ಹೇಳಿದ್ದು?"

"ಮದುವೆ ಆದಾಗಿಂದ ನೋಡ್ತಿದ್ದೀನಿ. ನಿನ್ನ ಲೋಟ ಯಾವಾಗಲೂ ಖಾಲಿ."

"ಹೌದು," ಎಂದಳು. "ಯಾರೂ ಸುರೀಲಿಲ್ಲ."

ಅವಳು ಕೋಪದಲ್ಲಿ ಹೇಳಲಿಲ್ಲ. ಹವೆಯ ವರದಿಯ ಹಾಗೆ ಹೇಳಿದಳು. ಹವೆಯ ಮಾತು ನಿಷಿದ್ಧ ಎಂದು ತಮಾಷೆ ಮಾಡೋಣ ಎನಿಸಿತು, ಮಾಡಲಿಲ್ಲ. ಶೀಶೆ ಎತ್ತಿದೆ, ಎಡಗೈ ಕೆಳಗೆ ಆನಿಸಿದೆ, ಬಾಗಿಸಿದೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಎರಡೂ ಕೈಯಲ್ಲಿ ಹಿಡಿದರೆ ಬದಿಯಿಂದ ಸುರಿದುಕೊಳ್ಳುವುದು ಹೇಗೆ? ಅವಳಿಗೆ ಅದು ಮರೆತಿತ್ತು. ಲೋಟ ಹಾಗೇ ಇತ್ತು, ಕಾದಳು. ಆಮೇಲೆ ಇಬ್ಬರಿಗೂ ನಗು ಬಂತು. ಅವಳದು ಒಂದು ಉಸಿರಿನಷ್ಟು ತಡವಾಗಿ.

ಮೂರು ಲೋಟ ಕುಡಿದಳು. ಕೆನ್ನೆ ಕೆಂಪಗಾಗುವುದಿಲ್ಲ. ನನಗಿಂತ ಗಟ್ಟಿ.

ನವೆಂಬರ್ ೨೩, ಭಾನುವಾರ

ಮದುವೆಮನೆಗಳು, ಕಂಪನಿಯ ಔತಣ, ಮಾವನ ಅರವತ್ತು, ಹೊಸವರ್ಷಗಳು. ನೆನಪಿಸಿಕೊಂಡು ನೋಡಿದೆ. ಎಲ್ಲದರಲ್ಲೂ ಅವಳ ಕೈಯಲ್ಲಿ ಶೀಶೆ ಇದೆ.

ಕೀಲಿಮಣೆಯಲ್ಲಿ ಎರಡು ಅಕ್ಷರ ಅಂಟಿಕೊಂಡಿವೆ.

ಡಿಸೆಂಬರ್ ೬, ಶನಿವಾರ

ಭೇಟಿ: ಒಬ್ಬರನ್ನೊಬ್ಬರು ಚಿತ್ರಿಸುವುದು. ಕಾಗದ ನೋಡುವಂತಿಲ್ಲ, ಎದುರಿನ ಮುಖವನ್ನೇ ನೋಡುತ್ತ ಗೆರೆ ಎಳೆಯಬೇಕು, ಪೆನ್ನು ಎತ್ತಬಾರದು. ಮೊದಲು ಅವಳ ಚೌಕಟ್ಟನ್ನು ಎಳೆದು ತಂದು ಲ್ಯಾಪ್‌ಟಾಪಿನ ಮೇಲಂಚಿಗೆ, ಕ್ಯಾಮೆರಾದ ಕಾಳಿನ ಸರಿ ಕೆಳಗೆ ಇಟ್ಟೆ. ಇಲ್ಲದಿದ್ದರೆ ನಾನು ಅವಳನ್ನು ನೋಡುವಾಗ ಅವಳಿಗೆ ನಾನು ಅವಳ ಎದೆಗುಂಡಿ ನೋಡುವಂತೆ ಕಾಣುತ್ತದೆ. ಎರಡು ತಿಂಗಳಿಂದ ಹಾಗೇ ಕಂಡಿತ್ತಂತೆ.

"ಈಗ ನನ್ನನ್ನ ನೋಡ್ತಿದ್ದೀರಿ," ಎಂದಳು, ಸ್ವಲ್ಪ ಗಾಬರಿಯಾದವಳ ಹಾಗೆ.

ಅವಳ ಎಡ ಹುಬ್ಬಿನ ತುದಿ ಮೇಲಕ್ಕೆ ಹೋಗಿದೆ. ಮೇಲ್ತುಟಿಯ ಹತ್ತಿರ ಒಂದು ಗೀರು, ಯಾವಾಗಿನದೋ. ಕನ್ನಡಕ ಹೊಸದು.

"ಹೊಸದಾ?"

"ಹೋದ ಚಳಿಗಾಲದ್ದು."

ನನ್ನ ಚಿತ್ರದಲ್ಲಿ ಅವಳು ಹಡಗಿನ ಲಂಗರಿನಂತೆ ಬಂದಳು. ಅವಳ ಚಿತ್ರದಲ್ಲಿ ನನಗೆ ಮೂರು ಕಣ್ಣು, ಮೂರೂ ಬೇರೆ ಬೇರೆ ಕಡೆ ನೋಡುತ್ತಿದ್ದವು. "ಹೋಲತ್ತೆ," ಎಂದಳು.

ಆ ಖುಷಿಯಲ್ಲಿ, ಸರಾಗವಾಗಿ ಕೇಳಿಯೇಬಿಟ್ಟೆ: ಏಪ್ರಿಲ್‌ನಲ್ಲಿ ಕುಮಾಮೊತೊಗೆ ಜಾಗ ಸಿಗುತ್ತದೆ, ಬರಬಹುದು, ಬರಲಾ?

ಅವಳು ಅಲುಗಾಡಲಿಲ್ಲ. ಬಾಯಿ ಒಂದಿಷ್ಟು ತೆರೆದೇ ಇತ್ತು. ನೆಟ್‌ವರ್ಕ್ ಹೋಯಿತೆಂದುಕೊಂಡೆ. ಅವಳ ಹಿಂದಿನ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನಡೆಯುತ್ತಲೇ ಇತ್ತು.

"ಯೋಚ್ನೆ ಮಾಡ್ತೀನಿ," ಎಂದಳು.

ಡಿಸೆಂಬರ್ ೯, ಮಂಗಳವಾರ

ಯೋಚಿಸುವುದಕ್ಕೇನಿದೆ? ನನ್ನ ಮನೆ.

ಡಿಸೆಂಬರ್ ೧೦, ಬುಧವಾರ

ಚಿನಾತ್ಸುವನ್ನು ಕೇಳಿದೆ. "ಅಮ್ಮ ನಿನ್ನ ರೂಮಲ್ಲಿ ಹೊಲಿಗೆ ಯಂತ್ರ ಇಟ್ಕೊಂಡಿದ್ದಾಳೆ. ಬಟ್ಟೆ ಸರಿಮಾಡೋ ಅಂಗಡಿಯಿಂದ ಕೆಲಸ ತರ್ತಾಳೆ. ಅಷ್ಟೇ ಗೊತ್ತು." ಆಮೇಲೆ, "ಮಿಕ್ಕಿದ್ದು ಅವಳನ್ನೇ ಕೇಳಪ್ಪ," ಎಂದಳು.

ಹೊಲಿಗೆ ಯಂತ್ರವನ್ನು ಬೇರೆ ಕಡೆ ಇಟ್ಟರಾಯಿತು. ನಾನೇನು ಅಷ್ಟು ಜಾಗ ಹಿಡಿಯುವ ಮನುಷ್ಯನಲ್ಲ.

ಡಿಸೆಂಬರ್ ೨೦, ಶನಿವಾರ

ಭೇಟಿ: ಏನೂ ಮಾಡದಿರುವುದು. ಕರೆ ತೆರೆದಿಟ್ಟು, ಅವರವರ ಕೆಲಸ. ಮಾತು ಬಂದರೆ ಬರಲಿ.

ಮೊದಲಿದ್ದ ನಾನಾಗಿದ್ದರೆ ಹೆಪ್ಪುಗಟ್ಟುತ್ತಿದ್ದೆ. ಇವತ್ತು ಕಾಲುಚೀಲದ ರಾಶಿ ಮಡಚಿದೆ. ಆಕೆ ಯಾರದೋ ಸಮವಸ್ತ್ರದ ತೋಳು ಬಿಚ್ಚುತ್ತಿದ್ದಳು. ಯಂತ್ರ ಓಡಿದಾಗ ಸದ್ದು, ನಿಂತಾಗ ಅವಳ ಉಸಿರು. ಸ್ವಲ್ಪ ಕೆಮ್ಮಿದಳು. ಶುಂಠಿ ಹಾಕಿಕೊಂಡು ಏನಾದರೂ ಕುಡಿ ಎಂದೆ. ಹ್ಞೂಂ ಎಂದಳು. ಅಷ್ಟೇ. ಯಾವಾಗ ಎಂಟೂವರೆ ಆಯಿತೋ ಗೊತ್ತಾಗಲಿಲ್ಲ.

ಕರೆ ಮುಗಿದ ಮೇಲೆ ಈ ಕೋಣೆ ಎಷ್ಟು ದೊಡ್ಡದೆಂದು ಗೊತ್ತಾಯಿತು. ಆರು ಚಾಪೆ ಹಿಡಿಸುವಷ್ಟೇ ಕೋಣೆ. ಇಷ್ಟು ದಿನ ಚಿಕ್ಕದು ಎಂದು ಬೈಯುತ್ತಿದ್ದೆ.

ಜನವರಿ ೫, ಸೋಮವಾರ, ಕುಶಿರೊ

ಹೊಸವರ್ಷದ ರಜೆಗೆ ಮನೆಗೆ ಹೋಗಿ ಬಂದೆ. ಮನೆಯೆಂದರೆ ಮನೆಯೇ. ಹಚ್ಚಡ ಹೊದಿಸಿದ ಬೆಚ್ಚನೆ ಮೇಜಿನ ಕೆಳಗೆ ಕಾಲು ಚಾಚಿ ಐದು ದಿನ ಟೀವಿ ನೋಡಿದೆ. ಸ್ನಾನದ ನೀರು ತಾನಾಗಿ ಬಿಸಿಯಾಗಿರುತ್ತಿತ್ತು. ಫುಮಿಯೆ ಹಬ್ಬದ ತಿಂಡಿಯ ಡಬ್ಬಗಳು, ನನ್ನ ಬಿಯರು, ಎಲ್ಲ ಎದುರಿಗೆ ತಂದಿಡುತ್ತಿದ್ದಳು. ಶನಿವಾರ ಏಳಕ್ಕೆ ಮೊದಲೇ ನಿದ್ದೆ ಹತ್ತಿತು. ಒಳ್ಳೆಯ ವಿಶ್ರಾಂತಿ. ನನ್ನ ಕೋಣೆಯಲ್ಲಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಗೋಡೆಗೆ ಸರಿಸಿದ್ದಳು.

ವಿಮಾನ ನಿಲ್ದಾಣದಲ್ಲಿ, "ನಿಮ್ಮ ಮಾತೇ ಕೇಳಿಸ್ಲಿಲ್ಲ," ಎಂದಳು. ಗದ್ದಲವಿತ್ತು, ಬಸ್ಸುಗಳು.

ಜನವರಿ ೧೦, ಶನಿವಾರ

ಭೇಟಿ: ಒಬ್ಬರನ್ನೊಬ್ಬರು ಯಾವತ್ತೂ ಕೇಳದ ಪ್ರಶ್ನೆ ಕೇಳುವುದು. ಇಬ್ಬರೂ ಐದೈದು ಚೀಟಿ ಬರೆದು, ಬಟ್ಟಲಿನಿಂದ ಒಂದೊಂದೇ ತೆಗೆದು ಕ್ಯಾಮೆರಾಕ್ಕೆ ಹಿಡಿಯಬೇಕು. ಅವಳ ಕ್ಯಾಮೆರಾದಲ್ಲಿ ಅವಳಿಗೇ ಅಕ್ಷರ ತಿರುವುಮುರುವಾಗಿ ಕಂಡು ಚೀಟಿಯನ್ನು ತಿರುಗಿಸಿ ತಿರುಗಿಸಿ ಹಿಡಿದಳು. ನನಗೆ ಸರಿಯಾಗಿಯೇ ಕಾಣುತ್ತಿದೆ ಎಂದು ನಂಬಿಸಲು ಸಾಕುಸಾಕಾಯಿತು.

ನಾನು ತೆಗೆದ ಮೊದಲ ಚೀಟಿ: "ಬಾಲ್ಯದಲ್ಲಿ ಏನಾಗಬೇಕೆಂದಿದ್ದೆ?" ಅವಳು: "ಬಸ್ ಕಂಡಕ್ಟರ್." ನನಗೆ ಗೊತ್ತೇ ಇರಲಿಲ್ಲ. ನಕ್ಕೆವು.

ಅವಳು ತೆಗೆದ ಎರಡನೆಯ ಚೀಟಿ ಓದದೆ ಕೆಳಗಿಟ್ಟಳು.

"ಕಿಯೊಹಿಕೊ ಸಾನ್, ನೀವು ಕೇಳಿದ್ರಲ್ಲ, ಏಪ್ರಿಲ್‌ದು. ಹೇಳ್ಲಾ?"

"ಹೇಳು."

"ಹೊಸವರ್ಷಕ್ಕೆ ಬಂದ್ರಿ. ಐದು ದಿನ ಇದ್ರಿ. ನನ್ನ ಕಡೆ ಒಂದ್ಸಲನೂ ನೋಡ್ಲಿಲ್ಲ. ಶನಿವಾರ ನಾನು ಎರಡು ಲೋಟ ಇಟ್ಟು ಕೂತಿದ್ದೆ. ನೀವು ಗೊರಕೆ ಹೊಡೀತಿದ್ರಿ."

"ಆಯಾಸ ಆಗಿತ್ತು."

"ಇರಬಹುದು. ನಾನು ಬೈಯ್ತಿಲ್ಲ. ಈ ಪರದೇಲಿ ನೀವು ನನ್ನ ಹುಬ್ಬು ನೋಡಿದ್ರಿ, ಕೆಮ್ಮು ಕೇಳಿದ್ರಿ. ಮನೇಲಿ ಇದ್ದಷ್ಟು ವರ್ಷ ನೋಡಿರ್ಲಿಲ್ಲ. ಬಂದ್ಬಿಟ್ರೆ ಶನಿವಾರ ಇರತ್ತಾ? ನನಗೆ ಗಂಡ ಬೇಕು, ನಿಜ. ಆದ್ರೆ ಅಲ್ಲಿರೋ ಈ ಮನುಷ್ಯನ್ನ ಕಳ್ಕೊಂಡು ಇಲ್ಲಿಗೆ ಬರೋ ಆ ಮನುಷ್ಯನ್ನ ತಗೋಬೇಕಾ ಅಂತ ಯೋಚ್ನೆ. ಎರಡು ವರ್ಷ ಅಲ್ಲೇ ಇದ್ರೂ ಪರವಾಗಿಲ್ಲ ಅನ್ನಿಸ್ತಿದೆ."

ಪರವಾಗಿಲ್ಲ. ಒನೊದೆರಾ ಅವರ ಹೆಂಡತಿಯ ಮಾತು.

ಏನಾದರೂ ತಮಾಷೆ ಹೇಳಬೇಕಿತ್ತು. "ಇಬ್ಬರೂ ನಾನೇ ಅಲ್ವಾ," ಎಂದೆ.

"ಅದೇ ನಂಗೂ ಅರ್ಥ ಆಗ್ತಿಲ್ಲ," ಎಂದಳು.

ಜನವರಿ ೧೪, ಬುಧವಾರ

ಊಟದ ಡಬ್ಬಿ. "ಬಿಸಿ ಮಾಡ್ಲಾ?" "ಬೇಡ" ಎಂದೆ. ಯಾಕೆ ಬೇಡ ಎಂದೆನೋ. ತಣ್ಣಗೆ ತಿಂದೆ.

ಜನವರಿ ೧೭, ಶನಿವಾರ

ಅವಳಿಗೆ ಜ್ವರ. ಭೇಟಿ ಇಲ್ಲ. ಏಳು ಗಂಟೆಗೆ ಅಂಗಿ ಬದಲಿಸಿಕೊಂಡು ಕೂತಿದ್ದೆ, ಸುಮ್ಮನೆ. ಪ್ಯಾಂಟನ್ನೂ ಬದಲಿಸಿದ್ದೆ.

ಜನವರಿ ೨೪, ಶನಿವಾರ

ಈ ಸಲ ಯೋಜನೆ ನನ್ನದು: ಕೈಹಿಡಿದು ತಿರುಗಾಟ. ಫೋನಿನ ಹಿಂಬದಿಯ ಕ್ಯಾಮೆರಾ ತೆರೆದು, ಅವಳನ್ನು ಕೈಯಲ್ಲಿ ಹಿಡಿದುಕೊಂಡು ಊರು ತೋರಿಸುವುದು. ಏಳು ಗಂಟೆಯಲ್ಲ, ಮಧ್ಯಾಹ್ನ ಮೂರೂವರೆಗೆ. ಇಲ್ಲಿ ಸೂರ್ಯ ನಾಲ್ಕಕ್ಕೇ ಅಂಗಡಿ ಮುಚ್ಚುತ್ತಾನೆ. ಅವಳ ಊರಿನಲ್ಲಿ ಆಗ ಇನ್ನೂ ಒಳ್ಳೆ ಬಿಸಿಲು.

ಸಿದ್ಧತೆ ಬರೆದಿಡುತ್ತೇನೆ. ಈ ಚಳಿಗೆ ಫೋನಿನ ಬ್ಯಾಟರಿ ಅರ್ಧ ಉಳಿದಿದ್ದರೂ ದಿಢೀರನೆ ಸಾಯುತ್ತದೆ. ಅದಕ್ಕೆ ಮೈಗೆ ಅಂಟಿಸಿಕೊಳ್ಳುವ ಬಿಸಿಚೀಲವನ್ನು ಫೋನಿನ ಬೆನ್ನಿಗೆ, ಕ್ಯಾಮೆರಾ ಬಿಟ್ಟು, ರಬ್ಬರಿನಿಂದ ಕಟ್ಟಿದೆ. ಕೈಗವಸಿನಲ್ಲಿ ಪರದೆ ಮುಟ್ಟಿದರೆ ಅದಕ್ಕೆ ಗೊತ್ತಾಗುವುದಿಲ್ಲ, ಬಲಗೈ ಬರಿದಾಗಿಟ್ಟೆ. ನಡೆಯುವಾಗ ಚಿತ್ರ ಕುಲುಕಿ ನೋಡುವವರಿಗೆ ತಲೆಸುತ್ತು ಬರದಿರಲೆಂದು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ನಿಂತು ನಿಂತು, ನಿಧಾನ ತಿರುಗಿಸಬೇಕು. ಮುಖಗವಸಿನ ಉಸಿರಿಗೆ ಕನ್ನಡಕ ಮಬ್ಬಾಗಿ ಏನೂ ಕಾಣದಾಯಿತು. ಗವಸು ಗದ್ದಕ್ಕಿಳಿಸಿ, ಕನ್ನಡಕ ತೆಗೆದು ಜೇಬಿಗಿಟ್ಟೆ. ಅದಿಲ್ಲದೆ ನನಗೆ ಹತ್ತಿರದ ಫೋನು ಒಂದು ಬೆಳಕಿನ ಚೌಕ. ದೂರದ ನದಿ ಮಾತ್ರ ಸ್ಪಷ್ಟ.

ನುಸಮಾಯ್ ಸೇತುವೆಯ ಮೇಲೆ ನಿಂತೆ. ನದಿಯ ಮೇಲೆ ತಾವರೆ ಎಲೆಯಂಥ ದುಂಡನೆ ಮಂಜುಗಡ್ಡೆಗಳು, ಅಂಚು ಮೇಲಕ್ಕೆ ಮಡಚಿಕೊಂಡವು, ಒಂದಕ್ಕೊಂದು ಮೆಲ್ಲಗೆ ಡಿಕ್ಕಿ ಹೊಡೆಯುತ್ತ ಸಮುದ್ರದ ಕಡೆ ಹೋಗುತ್ತಿದ್ದವು. ಸೂರ್ಯ ಅವುಗಳ ಮೇಲೆ ಕೂತು ಇಳಿಯುತ್ತಿದ್ದ.

"ಕಾಣಿಸ್ತಿದ್ಯಾ?" ಎಂದೆ.

"ಹ್ಞೂಂ," ಎಂದಳು. "ಕಾಣಿಸ್ತಿದೆ."

ಎಷ್ಟು ಚೆನ್ನಾಗಿ ವರ್ಣಿಸಿದೆನೆಂದರೆ, ನಾನೇ ಬೆರಗಾದೆ. ಒಂದೊಂದು ಎಲೆಯನ್ನೂ ತೋರಿಸಿದೆ. ಯಾವುದು ಇನ್ನೊಂದಕ್ಕೆ ಅಂಟಿತು, ಯಾವುದು ಒಂಟಿಯಾಗಿ ಹೋಯಿತು. ಮೊದಲ ಚಳಿಗಾಲದಲ್ಲಿ ಪ್ರತಿ ಶನಿವಾರ ಇಲ್ಲಿಗೆ ಬಂದು ಕತ್ತಲಾಗುವವರೆಗೆ ನಿಲ್ಲುತ್ತಿದ್ದೆ ಎಂದೆ. ಯಾಕೆ ಎಂದಳು. ಕೋಣೆಗೆ ಬೇಗ ಹೋದರೆ ಸಂಜೆ ತುಂಬ ಉದ್ದವಾಗುತ್ತಿತ್ತು ಎಂದೆ. ಮನೆಗೆ ಬಂದಾಗ ನಿನ್ನನ್ನು ಯಾಕೆ ನೋಡುವುದಿಲ್ಲವೋ ನನಗೂ ಗೊತ್ತಿಲ್ಲ, ಅಲ್ಲಿ ನೀನು ಇದ್ದೇ ಇರುತ್ತೀಯ ಎನ್ನುವ ಧೈರ್ಯವಿರಬೇಕು, ಇಲ್ಲಿ ಆ ಧೈರ್ಯವಿಲ್ಲ ಎಂದೆ. ಬರಬೇಡ ಅಂದರೆ ಬರುವುದಿಲ್ಲ, ಶನಿವಾರ ಮಾತ್ರ ನಿಲ್ಲಿಸಬೇಡ ಎಂದೆ. ಇದೆಲ್ಲ ನದಿ ನೋಡುತ್ತ ಹೇಳಿದ್ದು. ಪಕ್ಕದಲ್ಲಿ ನಿಂತವರಿಗೆ ಹೇಳಿದ ಹಾಗೆ, ಮುಖ ನೋಡುವ ಕಷ್ಟವಿಲ್ಲದೆ.

ಸೂರ್ಯ ಪೂರ್ತಿ ಮುಳುಗಿದ ಮೇಲೆ, "ಕಿಯೊಹಿಕೊ ಸಾನ್," ಎಂದಳು.

"ಏನು?"

"ಏಪ್ರಿಲ್‌ಗೆ ಬನ್ನಿ. ಹೊಲಿಗೆ ಯಂತ್ರ ಅಲ್ಲೇ ಇರತ್ತೆ. ಶನಿವಾರ ಟೀವಿ ಇಲ್ಲ. ಎದುರುಗಡೆ ಕೂತ್ಕೋಬೇಕು."

"ಕೂತ್ಕೋತೀನಿ."

"ನನಗೆ ನೀವೇ ಸುರೀಬೇಕು."

"ಸುರೀತೀನಿ."

ಅಷ್ಟು ಹೊತ್ತಿಗೆ ಬ್ಯಾಟರಿ ಸತ್ತಿತು, ಬಿಸಿಚೀಲ ಇದ್ದರೂ.

ಜನವರಿ ೨೬, ಸೋಮವಾರ

ಒನೊದೆರಾ ಅವರಿಗೆ ತಿಳಿಸಿದೆ. "ಬಾ ಅಂದ್ಲಾ?" ಎಂದರು, ನಂಬದವರ ಹಾಗೆ. ನಾನು ನಿಂತಲ್ಲೇ ಎದೆ ಸೆಟೆಸಿ ಹೇಳಿದೆ: "ಹೆಂಗಸರ ಮನಸ್ಸು ಗೆಲ್ಲೋಕೆ ಅಳಬಾರದು ಸರ್, ಬೇಡಬಾರದು. ಒಂದು ಸೂರ್ಯಾಸ್ತ ತೋರಿಸಬೇಕು. ಕೈ ನಡುಗದೆ ಹಿಡೀಬೇಕು, ಗಂಭೀರವಾಗಿ ವರ್ಣನೆ ಮಾಡ್ಬೇಕು. ನದಿಯ ಸೊಬಗಿಗೆ ಯಾವಳಾದರೂ ಕರಗ್ತಾಳೆ." ಅವರು ಸೇತುವೆಯ ಹೆಸರನ್ನು ಬರೆದುಕೊಂಡರು. ಶನಿವಾರ ಹೆಂಡತಿಗೆ ತೋರಿಸುತ್ತಾರಂತೆ.

ಸಂಜೆ ಚಿನಾತ್ಸು ಫೋನು ಮಾಡಿದಳು. ನಗುತ್ತಿದ್ದಳೋ ಏನೋ, ದನಿ ಸರಿಯಿರಲಿಲ್ಲ. "ಅಪ್ಪ, ಅಮ್ಮ ಒಂದು ಚಿತ್ರ ತೆಗೆದಿಟ್ಕೊಂಡಿದ್ದಾಳೆ, ಕರೆಯ ನಡುವೆ. ನನಗೆ ಕಳಿಸಿದ್ಲು. ನಿನಗೂ ಕಳಿಸ್ಲಾ?" ನದಿಯದಿರಬೇಕು, ಕಳಿಸು ಎಂದೆ.

ಕನ್ನಡಕ ಹಾಕಿಕೊಂಡು ನೋಡಿದೆ. ಈಗ ಒಪ್ಪಿಕೊಳ್ಳಬೇಕಾಗಿದೆ. ಸೇತುವೆ ಹತ್ತುವಾಗಲೇ ನನ್ನ ಬರಿಗೈ ಹೆಬ್ಬೆರಳು ಕ್ಯಾಮೆರಾ ತಿರುಗಿಸುವ ಗುಂಡಿಗೆ ತಾಗಿತ್ತು. ಅವಳಿಗೆ ನದಿ ಒಂದು ಗಳಿಗೆಯೂ ಕಾಣಲಿಲ್ಲವಂತೆ. ಶುರುವಿನಿಂದ ಕೊನೆಯವರೆಗೆ, ಕೆಳಗಿನಿಂದ, ಅತಿ ಹತ್ತಿರದಲ್ಲಿ ಕಂಡದ್ದು ನನ್ನ ಮುಖ. ಅದರಲ್ಲಿ ನಾನು ಮಂಜುಗಡ್ಡೆಯ ಎಲೆಗಳನ್ನು ಒಂದೊಂದಾಗಿ ತೋರಿಸುತ್ತ, ಕಣ್ಣಿನಿಂದಲೂ ಮೂಗಿನಿಂದಲೂ ಧಾರಾಕಾರ ಸುರಿಸಿಕೊಂಡು ಅಳುತ್ತಿದ್ದೇನೆ.